0.010 M ಆಕ್ಸಾಲಿಕ್ ಆಮ್ಲ: ಚಾರ್ಜ್ ಬ್ಯಾಲೆನ್ಸ್‌ನಲ್ಲಿ ಆ 2 ಬೇಕೇ ಬೇಕಾ?

ಪಿಪೆಟ್: ಮೇಡಂ, 0.010 M ಆಕ್ಸಾಲಿಕ್ ಆಮ್ಲದಲ್ಲಿ ಯಾವ ಅಯಾನು ಎಷ್ಟಿದೆ ಅಂತ ಕಂಡುಹಿಡಿಯಬೇಕು. Ka1 = 0.056, Ka2 = 5.4 × 10⁻⁵. ಗ್ರೂಪಲ್ಲಿ ಓಡಾಡ್ತಿರೋ √(Ka1·C) ಶಾರ್ಟ್‌ಕಟ್ ಹಾಕಿದೆ, [H⁺] 0.0237 ಬಂತು. ಸರಿನಾ?

ಲ್ಯಾಬ್ ಮೇಡಂ: ಹಾಕಿರೋ ಆಮ್ಲವೇ 0.010 M. ಪ್ರತಿ ಅಣುವೂ ಎರಡೂ ಪ್ರೋಟಾನ್ ಬಿಟ್ಟುಕೊಟ್ಟರೂ 0.020 ದಾಟಲ್ಲ. ಉಳಿದದ್ದು ಎಲ್ಲಿಂದ ಬಂತು? ಆಮ್ಲ ಒಡೆಯೋದೇ ಅಪರೂಪ ಅನ್ನೋ ಕಡೆ ಮಾತ್ರ ಆ ಶಾರ್ಟ್‌ಕಟ್ ನಡೆಯುತ್ತೆ. ಇಲ್ಲಿ Ka1 ನಿಮ್ಮ C ಗಿಂತಲೇ ದೊಡ್ಡದು.

ಎರಡು ಲೆಕ್ಕ ಬರೆದುಕೊಳ್ಳಿ. ಆಕ್ಸಲೇಟ್ ಯಾವ ರೂಪದಲ್ಲಿದ್ದರೂ ಒಟ್ಟು ಅಷ್ಟೇ. ಪ್ಲಸ್ ಚಾರ್ಜ್ ಎಷ್ಟೋ ಮೈನಸ್ ಚಾರ್ಜೂ ಅಷ್ಟೇ.

```
0.010 = [H2A] + [HA-] + [A2-]
[H+]  = [HA-] + 2[A2-] + [OH-]
```

ಇಷ್ಟು ಆಮ್ಲೀಯ ದ್ರಾವಣದಲ್ಲಿ [OH⁻] ಬಿಟ್ಟರೆ ಏನೂ ಆಗಲ್ಲ. Ka1, Ka2 ಬಳಸಿ ಮೂರೂ ರೂಪಗಳನ್ನು [H⁺] ನಲ್ಲೇ ಬರೆದರೆ ಉಳಿಯೋದು ಇದು (H ಅಂದರೆ [H⁺]):

```
H = C(Ka1·H + 2·Ka1·Ka2) / (H² + Ka1·H + Ka1·Ka2)
```

ಕ್ಯೂಬಿಕ್ ಅಂತ ಗಾಬರಿ ಬೇಡ. ಮೊದಲು Ka2 ಇಲ್ಲ ಅಂದುಕೊಂಡು ಕ್ವಾಡ್ರಾಟಿಕ್ ಬಿಡಿಸಿ, 0.00866 ಬರುತ್ತೆ. ಅದನ್ನು ಬಲಗಡೆ ಹಾಕಿ, 0.00872. ಅದನ್ನೇ ಮತ್ತೆ ಹಾಕಿ, 0.00871. ಅಲ್ಲಿಗೆ ನಿಲ್ಲುತ್ತೆ, pH 2.06. H₂A 0.00134, HA⁻ 0.00861, A²⁻ 0.000053. ಮೂರನ್ನೂ ಕೂಡಿ 0.010 ಬರುತ್ತಾ ನೋಡಿ, ಆಮೇಲೆ ಚಾರ್ಜ್ ಕೂಡಿ ನೋಡಿ. ಎರಡೂ ತಾಳೆಯಾಗದೆ ಉತ್ತರದ ಕೆಳಗೆ ಗೆರೆ ಎಳೀಬೇಡಿ.

ನೀಲಿ ಲಿಟ್ಮಸ್: ಇಷ್ಟೆಲ್ಲಾ ಯಾಕೆ? [A²⁻] ಯಾವಾಗಲೂ Ka2 ಗೆ ಸಮ. 5.3 × 10⁻⁵, ಹತ್ತಿರ ಹತ್ತಿರ ಅದೇ ಬಂತಲ್ಲ.

ಲ್ಯಾಬ್ ಮೇಡಂ: ಇಲ್ಲಿ [H⁺], [HA⁻] ಹೆಚ್ಚುಕಡಿಮೆ ಸಮ ಇವೆ, ಅದಕ್ಕೆ ಬಂತು. “ಯಾವಾಗಲೂ” ತೆಗೆಯಿರಿ.

ಬ್ಯೂರೆಟ್: ನನಗೆ ಆ 2 ಅರ್ಥ ಆಗ್ತಿಲ್ಲ. A²⁻ ಅಯಾನು ಒಂದೇ ತಾನೇ? ಅದನ್ನ ಬಿಟ್ಟು ಮಾಡಿದೆ, ನನಗೂ pH 2.06 ಬಂತು. ಸುಮ್ಮನೆ ತಲೆನೋವು.

ಪಿಪೆಟ್: ಅಯಾನು ಒಂದೇ, ಚಾರ್ಜ್ ಎರಡು. ಎಣಿಸ್ತಿರೋದು ಚಾರ್ಜು.

ಬ್ಯೂರೆಟ್: ಹಾಗಾದ್ರೆ ಮಾಸ್ ಬ್ಯಾಲೆನ್ಸ್‌ಗೂ 2 ಹಾಕಬೇಕಿತ್ತು.

ಪಿಪೆಟ್: ಅಲ್ಲಿ ಎಣಿಸೋದು ಆಕ್ಸಲೇಟ್‌ನ! ಅಣ್ಣಾ, ಮೇಲೆ ಬರೆದಿದ್ದನ್ನ ಓದಿದ್ರಾ?

ಬ್ಯೂರೆಟ್: ಓದಿದ್ದೀನಿ. ನೀನು ನಿನ್ನೆ 0.0237 ಬರೆದವನು, ನನಗೆ ಪಾಠ ಹೇಳ್ಬೇಡ.

ನೀಲಿ ಲಿಟ್ಮಸ್: ಉತ್ತರ ಒಂದೇ ಬಂದ್ರೆ ಬ್ಯೂರೆಟ್ ಹೇಳಿದ್ದೇ ಸರಿ ಅಲ್ವಾ?

ಲ್ಯಾಬ್ ಮೇಡಂ: ಅಲ್ಲ. ನನಗೆ ಹೆದರಿಕೆ ಆಗೋದು ಇಂಥ ತಪ್ಪಿಗೇ. ಆಮ್ಲದಲ್ಲಿ A²⁻ ಇರೋದೇ ಚೂರು, ಅದಕ್ಕೆ 2 ಬಿಟ್ಟರೂ ಗೊತ್ತಾಗಲ್ಲ. ಅದೇ ಸಮೀಕರಣ ಇಟ್ಟುಕೊಂಡು 0.010 M ಸೋಡಿಯಂ ಹೈಡ್ರೋಜನ್ ಆಕ್ಸಲೇಟ್ ಮಾಡಿ ನೋಡಿ. ಎಡಗಡೆ [Na⁺] = 0.010 ಸೇರುತ್ತೆ, ಒಟ್ಟು ಆಕ್ಸಲೇಟೂ ಅಷ್ಟೇ ಇದೆ. 2 ಇಲ್ಲದೆ ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯೋದು [H⁺] + [H₂A] = [OH⁻]. ಅಂದರೆ pH 7, ಬರೀ ನೀರು! ಆಮ್ಲೀಯ ಲವಣಕ್ಕೆ! 2 ಇಟ್ಟು ಕಳೆದರೆ, [OH⁻] ಕೈಬಿಟ್ಟು, [H⁺] + [H₂A] = [A²⁻]; pH 3.19. ಆಗ [A²⁻] 0.00076, ಲಿಟ್ಮಸ್ ಅವರ Ka2 ಗಿಂತ ಹದಿನಾಲ್ಕು ಪಟ್ಟು.

ಟೈಟ್ರೇಶನ್ ಟೀ: ಆ ಲವಣಕ್ಕೆ pKa ಎರಡೂ ಕೂಡಿ ಅರ್ಧ ಮಾಡಿದ್ರೆ ಸಾಕು ಅಂತ ಒಂದು ಫಾರ್ವರ್ಡ್ ಬಂದಿದೆ, ಇಲ್ಲೇ ಹಾಕ್ತೀನಿ.

ಲ್ಯಾಬ್ ಮೇಡಂ: ಹಾಕಬೇಡಿ. 2.76 ಬರುತ್ತೆ. C, Ka1 ಗಿಂತ ತುಂಬಾ ದೊಡ್ಡದಿರಬೇಕು ಅನ್ನೋ ಷರತ್ತನ್ನು ಆ ಚಿತ್ರದಲ್ಲಿ ಯಾರೂ ಬರೆಯಲ್ಲ.

ಕಾರ್ಬೊನೇಟ್: ಮೇಡಂ, ನನ್ನದು ಕಾರ್ಬೊನಿಕ್ ಆಮ್ಲ, ಬೀಕರ್ ತೆರೆದೇ ಇದೆ. ಇದೇ ಲೆಕ್ಕ ತಾನೇ?

ಲ್ಯಾಬ್ ಮೇಡಂ: ತೆರೆದಿದ್ದರೆ CO₂ ಒಳಗೆ ಹೊರಗೆ ಓಡಾಡುತ್ತೆ, ಒಟ್ಟು C ಸ್ಥಿರ ಅಲ್ಲ. ಚಾರ್ಜ್ ಬ್ಯಾಲೆನ್ಸ್ ಉಳಿಯುತ್ತೆ, ಈ ಮಾಸ್ ಬ್ಯಾಲೆನ್ಸ್ ಉಳಿಯಲ್ಲ. ಗಾಳಿಯಲ್ಲಿರೋ CO₂ ಒತ್ತಡದಿಂದ ಶುರುಮಾಡಬೇಕು.

ಹೊಸ ಸದಸ್ಯ: √(Ka1·C) ಹಾಕಿದ್ರೆ 0.0237 ಬರ್ತಿದೆ, ಸರಿನಾ?

ಲ್ಯಾಬ್ ಮೇಡಂ: ಮೇಲೆ ನೋಡಿ.

ಬಫರ್: ಮೇಡಂ, ಆಕ್ಟಿವಿಟಿ ಲೆಕ್ಕಕ್ಕೆ ತಗೊಂಡ್ರೆ 3.19 ಎಷ್ಟು ಜರುಗುತ್ತೆ?

ಬ್ಯೂರೆಟ್: ಸರಿ, ಲವಣಕ್ಕೆ 2 ಹಾಕ್ತೀನಿ. ಆಮ್ಲಕ್ಕೆ ಬಿಡ್ತೀನಿ.

ಪಿಪೆಟ್: 😐

ಲ್ಯಾಬ್ ಮೇಡಂ: ನಿಮ್ಮಿಷ್ಟ. ಅದೇ ಆಮ್ಲಕ್ಕೆ ಒಂದಿಷ್ಟು NaOH ಬಿಟ್ಟಾಗ ಯಾವ ಹನಿಯಿಂದ 2 ಹಾಕೋಕೆ ಶುರುಮಾಡ್ತೀರಿ, ಅದನ್ನೂ ಬರೆದು ತನ್ನಿ.