ಪದಚರ್ಚೆ: ಸೀರೆ ‘ಹಾಕಿದೆ’, ‘ಧರಿಸಿದೆ’, ‘ಉಟ್ಟೆ’ – ಫೋಟೊ ಕೆಳಗೆ ಯಾವುದು ಸರಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮನೆಯ ನಾಮಕರಣಕ್ಕೆ ಮಗಳು ಮೊದಲ ಸಲ ಸೀರೆ ಉಟ್ಟಳು, ಮಗ ಮೊದಲ ಸಲ ಪಂಚೆ ಉಟ್ಟ. ಇಬ್ಬರೂ ಇರುವ ಫೋಟೊ ಕೆಳಗೆ ಮಗಳು ಹೀಗೆ ಬರೆದಿದ್ದಾಳೆ: “ಮೊದಲ ಸಲ ಸೀರೆ ಹಾಕಿದೆ, ತಮ್ಮ ಪಂಚೆ ಧರಿಸಿದ.” ನನಗೆ ಎರಡೂ ಕಿವಿಗೆ ಹಿಡಿಸಲಿಲ್ಲ. ‘ಉಟ್ಟೆ’ ಅನ್ನು ಅಂದೆ. “ಶರ್ಟ್ ಹಾಕ್ಕೊಂಡೆ ಅಂತೀವಿ, ಸೀರೆಗೆ ಮಾತ್ರ ಯಾಕೆ ಬೇರೆ?” ಅಂತ ಕೇಳಿದಳು. ಉತ್ತರ ಹೇಳಲು ಆಗಲಿಲ್ಲ. ತಿಳಿದವರು ಹೇಳಿ.

ಉತ್ತರ

ನಿಮ್ಮ ಕಿವಿ ಸರಿಯಾಗಿದೆ. ಸೊಂಟದ ಕೆಳಗಿನದಕ್ಕೆ ‘ಉಡು’, ಮೇಲಿನದಕ್ಕೆ ‘ತೊಡು’. ಅದಕ್ಕೇ ‘ಉಡುಗೆ ತೊಡುಗೆ’ ಅನ್ನುವ ಜೋಡಿ ಬಂದಿದೆ. ‘ಹಾಕು’ ಬಟ್ಟೆಗೆ ಬರಲೇಬಾರದು, ಅದು ಶುದ್ಧ ತಪ್ಪು.

ಉತ್ತರ

ನನ್ನ ತಂಗಿಯ ಮಗಳಿಗೂ ಇಂಥದ್ದೇ ಒಂದು ಸಾಲು ಬೇಕಿತ್ತು. ನಾನು “ಚೊಚ್ಚಲ ಸೀರೆ” ಅಂತ ಬರೆದುಕೊಟ್ಟೆ. ಪೇಪರಿನಲ್ಲಿ ‘ಚೊಚ್ಚಲ ಶತಕ’ ಅಂತ ಬರುತ್ತದಲ್ಲ, ಹಾಗೆ. ನಿಮ್ಮ ಮಗಳಿಗೂ ಇದು ಚೆನ್ನಾಗಿ ಹೊಂದುತ್ತದೆ. ಫೋಟೊ ಚೆನ್ನಾಗಿ ಬಂದಿದೆ ತಾನೇ?

ಉತ್ತರ

‘ಚೊಚ್ಚಲ’ ಬೇಡ ಅಂತ ನನ್ನ ಸಲಹೆ. ಆಟದ ಸುದ್ದಿಯಲ್ಲಿ ಅದು ಒಗ್ಗಿದೆ, ನಿಜ. ಆದರೆ ಮನೆಮಾತಿನಲ್ಲಿ ಚೊಚ್ಚಲ ಅಂದರೆ ಮೊದಲ ಬಸಿರು, ಮೊದಲ ಹೆರಿಗೆ. ಸೀರೆಯ ಜೊತೆ ಸೇರಿದರೆ ನೆಂಟರು ಬೇರೆಯೇ ಅರ್ಥ ಮಾಡಿಕೊಂಡು ಫೋನ್ ಮಾಡಿಯಾರು.

ಮೇಲೆ–ಕೆಳಗೆ ಅನ್ನುವ ವಿಂಗಡಣೆ ಅರ್ಧ ಮಾತ್ರ ಸರಿ. ಸೀರೆ ಹೆಗಲವರೆಗೂ ಬರುತ್ತದೆ, ಆದರೂ ಉಡುತ್ತೇವೆ. ನನ್ನ ಪ್ರಕಾರ ಸುತ್ತಿ ಸಿಕ್ಕಿಸಿಕೊಳ್ಳುವುದಕ್ಕೆ ‘ಉಡು’ ಬರುತ್ತದೆ: ಸೀರೆ, ಪಂಚೆ, ಲುಂಗಿ. ಕೈ ತೂರಿಸಿ ಹಾಕುವ ಅಂಗಿ, ಕುಪ್ಪಸ, ಬಳೆಗಳಿಗೆ ‘ತೊಡು’. ಮೇಲೆ ಹರಡಿಕೊಳ್ಳುವ ಶಲ್ಯಕ್ಕೆ ‘ಹೊದೆ’. ಹೂವಿಗೆ ‘ಮುಡಿ’. ಆದರೆ ಇದೂ ಗೆರೆ ಕೊರೆದ ಹಾಗಿಲ್ಲ. ಪ್ಯಾಂಟು ಶರ್ಟಿನಲ್ಲಿ ಮನೆಬಿಟ್ಟು ಓಡಿದವನನ್ನೂ ‘ಉಟ್ಟ ಬಟ್ಟೆಯಲ್ಲೇ ಹೋದ’ ಅಂತಲೇ ಹೇಳುತ್ತೇವೆ ಅಲ್ವಾ?

‘ಹಾಕು’ ಶುದ್ಧ ತಪ್ಪು ಅನ್ನಲಾರೆ. ಊರೆಲ್ಲ ‘ಬಟ್ಟೆ ಹಾಕಿಕೊ’ ಅನ್ನುತ್ತದೆ. ನಿಮ್ಮ ಮಗಳ ಸಾಲಿನಲ್ಲಿ ಎಡವಿರುವುದು ಬೇರೆ ಕಡೆ. ಶರ್ಟಿಗೆ ಅವಳೇ ‘ಹಾಕ್ಕೊಂಡೆ’ ಅಂದಿದ್ದಾಳೆ, ಸೀರೆಗೆ ಮಾತ್ರ ‘ಹಾಕಿದೆ’. ಬರೀ ‘ಸೀರೆ ಹಾಕಿದೆ’ ಅಂದರೆ ಎಲ್ಲಿಗೆ ಹಾಕಿದಳು, ಹಗ್ಗಕ್ಕಾ, ಬಕೆಟ್ಟಿಗಾ? ಮೈಗೆ ಅನ್ನಬೇಕಾದರೆ ‘ಕೊಂಡೆ’ ಸೇರಲೇಬೇಕು. ‘ಉಡು’ಗೆ ಆ ಊರುಗೋಲು ಬೇಡ. ‘ಉಟ್ಟೆ’ ಅಂದರೆ ಸಾಕು, ತನ್ನ ಮೈಗೇ ಅಂತ ಅದರಲ್ಲೇ ಇದೆ. ಇನ್ನೊಬ್ಬರಿಗೆ ಮಾಡಿದರೆ ‘ಉಡಿಸಿದೆ’ ಆಗುತ್ತದೆ. ಮಗಳಿಗೆ ಕೊಡಬೇಕಾದ ಉತ್ತರ ಇದು.

‘ಧರಿಸಿದ’ ತಪ್ಪಲ್ಲ, ಆದರೆ ವರದಿಯ ಮಾತು. ಅಕ್ಕ ತಮ್ಮನ ಬಗ್ಗೆ ಬರೆಯುವಾಗ ದೂರದವರಂತೆ ಕೇಳುತ್ತದೆ.

ಇನ್ನೊಂದು ತೊಡಕು ‘ಮೊದಲ’ ಎಲ್ಲಿ ಕೂರುತ್ತದೆ ಅನ್ನುವುದು. “ಮೊದಲ ಸಲ ಉಟ್ಟ ಸೀರೆ” ಅಂದರೆ ಸೀರೆ ಹೊಸತು, ಇವತ್ತು ಮಡಿಕೆ ಬಿಚ್ಚಿದ್ದು ಅಂತಲೂ ಆಗುತ್ತದೆ. ನೂರು ಸೀರೆ ಉಟ್ಟವರೂ ಹಾಗೆ ಬರೆಯಬಹುದು. “ಮೊದಲ ಸೀರೆ” ಅಂದರೆ ಅವಳಿಗೆಂದು ಕೊಂಡ ಮೊದಲನೆಯದು ಅನ್ನಿಸುತ್ತದೆ. ಹೊಸತು ಸೀರೆಯಲ್ಲ, ಉಡುವುದೇ ಹೊಸತು ಅನ್ನಲು “ಸೀರೆ ಉಟ್ಟದ್ದು ಇದೇ ಮೊದಲು” ಅನ್ನಿ. ಇಬ್ಬರಿಗೂ ಒಟ್ಟಿಗೆ ಬೇಕಾದರೆ:

“ಅಕ್ಕನಿಗೆ ಸೀರೆ, ತಮ್ಮನಿಗೆ ಪಂಚೆ. ಇಬ್ಬರೂ ಉಟ್ಟದ್ದು ಇದೇ ಮೊದಲು.”

ಒಂದೇ ‘ಉಟ್ಟದ್ದು’ ಎರಡಕ್ಕೂ ನಡೆಯುತ್ತದೆ. ಮಗ ಹೆಗಲ ಮೇಲೆ ಶಲ್ಯ ಹೊದ್ದಿದ್ದರೂ ಅದನ್ನು ಈ ಸಾಲಿಗೆ ಎಳೆದು ತರಬೇಡಿ, ಇನ್ನೊಂದು ಕ್ರಿಯಾಪದ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು ಸರ್. ಮಗಳಿಗೆ ‘ಕೊಂಡೆ’ಯ ಮಾತು ತಕ್ಷಣ ಹಿಡಿಸಿತು. ಆದರೆ ಅವಳು ತಾನಾಗಿ ಉಟ್ಟದ್ದಲ್ಲ. ನಿರಿಗೆ ಹಿಡಿದು, ಸೆರಗಿಗೆ ಪಿನ್ ಹಾಕಿ ಉಡಿಸಿದ್ದು ನನ್ನ ಅತ್ತೆ. “ಅಜ್ಜಿ ಉಟ್ಟ ಸೀರೆ” ಅಂತ ಬರೆಯಲು ಹೊರಟಿದ್ದಳು, ಅದು ಅತ್ತೆಯವರೇ ಉಟ್ಟಿದ್ದ ಹಳೇ ಸೀರೆ ಅನ್ನುವ ಹಾಗಾಗುತ್ತದೆ ಅಂತ ತಡೆದೆ. ಈಗ “ಅಜ್ಜಿ ಉಡಿಸಿದ ಸೀರೆ, ನಾನು ಉಟ್ಟದ್ದು ಇದೇ ಮೊದಲು” ಅಂತ ಹಾಕಿದ್ದಾಳೆ. ತಮ್ಮನದು ಬೇರೆ ಫೋಟೊ.

ಉತ್ತರ

ನಮ್ಮ ಉತ್ತರ ಕರ್ನಾಟಕದ ಕಡೆ ‘ಸೀರಿ ಉಟಗೊಂಡೆ’, ‘ಧೋತರ ಉಟಗೊಂಡ’ ಅಂತ ‘ಉಡು’ಗೂ ‘ಕೊಂಡೆ’ ಸೇರಿಸಿಯೇ ಮಾತಾಡುತ್ತೇವೆ. ಬೇಡ ಅನ್ನುವುದು ಸರಿ, ಬರುವುದಿಲ್ಲ ಅಂತಲ್ಲ. ನನ್ನದೊಂದು ಪ್ರಶ್ನೆ. ಈಗ ನಿರಿಗೆ ಹೊಲಿದೇ ಬರುವ ಸೀರೆ, ಸೊಂಟಕ್ಕೆ ಅಂಟಿಸಿಕೊಳ್ಳುವ ಪಟ್ಟಿಯ ಪಂಚೆ ಬಂದಿವೆ. ಸುತ್ತುವುದೂ ಇಲ್ಲ, ಸಿಕ್ಕಿಸುವುದೂ ಇಲ್ಲ. ಅದಕ್ಕೆ ಉಟ್ಟೆ ಅನ್ನೋಣವೋ, ಹಾಕಿಕೊಂಡೆ ಅನ್ನೋಣವೋ?

ಉತ್ತರ

ನಾನಂತೂ ಉಟ್ಟೆ ಅಂತಲೇ ಅನ್ನುತ್ತೇನೆ. ನನ್ನ ಮಗಳು ಹಾಕಿಕೊಂಡೆ ಅನ್ನುತ್ತಾಳೆ. ಉಳಿದವರ ಮನೆಯಲ್ಲಿ ಹೇಗೆ?