ಫನಲ್ ಪ್ಲಾಟ್‌ನ ಎಡ ಮೂಲೆ ಖಾಲಿ: ಪಬ್ಲಿಕೇಶನ್ ಬಯಾಸ್ ಅಂತ ಬರೀಬಹುದಾ?

ನಮಸ್ಕಾರ. ಕೋಲಾರದಲ್ಲಿ ಕಮ್ಯುನಿಟಿ ಮೆಡಿಸಿನ್ ಪಿ.ಜಿ. ಮಾಡ್ತಿದ್ದೀನಿ. ಗರ್ಭಿಣಿಯರಿಗೆ ಐರನ್ ಮಾತ್ರೆ ನುಂಗೋಕೆ ನೆನಪಿಸಿದ್ರೆ ಹಿಮೋಗ್ಲೋಬಿನ್ ಎಷ್ಟು ಏರುತ್ತೆ ಅನ್ನೋದು ನನ್ನ ರಿವ್ಯೂ. ಒಟ್ಟು 12 ಟ್ರಯಲ್ ಸೇರಿಸಿದ್ದೀನಿ.

ಫನಲ್ ಪ್ಲಾಟ್‌ನಲ್ಲಿ ಮೇಲಿರೋ 7 ದೊಡ್ಡ ಟ್ರಯಲ್‌ಗಳು ನಡುಗೆರೆಗೆ ಅಂಟಿಕೊಂಡಿವೆ. ಕೆಳಗಿನ 5 ಚಿಕ್ಕವು ಬಲಕ್ಕೇ ವಾಲಿವೆ, ಅಂದ್ರೆ ಲಾಭ ಜಾಸ್ತಿ ತೋರಿಸ್ತಿವೆ. ಎಡ ಮೂಲೆಯಲ್ಲಿ ಒಂದು ಚುಕ್ಕೆನೂ ಇಲ್ಲ. ಎಗರ್ ಟೆಸ್ಟ್‌ನಲ್ಲಿ ಪಿ 0.04 ಬಂತು. ಸಿಗ್ನಿಫಿಕೆನ್ಸ್ ಗೆರೆಗಳನ್ನ ಹಾಕಿ ನೋಡಿದ್ರೆ, ಖಾಲಿ ಜಾಗ ಬಹುಪಾಲು ಪಿ 0.05ಕ್ಕಿಂತ ಹೆಚ್ಚಿರೋ ಭಾಗದಲ್ಲೇ ಇದೆ. ಲಾಭ ಕಾಣದ ಚಿಕ್ಕ ಅಧ್ಯಯನಗಳು ಪ್ರಕಟವೇ ಆಗಿಲ್ಲವೇನೋ ಅನ್ನೋ ಅನುಮಾನಕ್ಕೆ ಇದು ಸರಿಹೊಂದುತ್ತೆ.

ಗೈಡ್ "ಪಬ್ಲಿಕೇಶನ್ ಬಯಾಸ್ ಅಂತ ಬರೆದು ಮುಗಿಸಮ್ಮ" ಅಂದ್ರು. ಆದ್ರೆ ಆ 5 ಪೇಪರ್ ಮತ್ತೆ ಓದಿದೆ. ಅವುಗಳಲ್ಲಿ ಕಾರ್ಯಕರ್ತೆ ಮನೆಗೇ ಹೋಗಿ, ಕಣ್ಣೆದುರೇ ಮಾತ್ರೆ ನುಂಗಿಸಿದ್ದಾರೆ. ಆ ಹೆಂಗಸರಿಗೆ ಮೊದಲೇ ರಕ್ತಹೀನತೆ ಜಾಸ್ತಿ ಇತ್ತು. ದೊಡ್ಡ ಟ್ರಯಲ್‌ಗಳಲ್ಲಿ ಬರೀ ಎಸ್‌ಎಂಎಸ್. ಹಾಗಿದ್ರೆ ಚಿಕ್ಕ ಟ್ರಯಲ್‌ಗಳ ಲಾಭ ನಿಜವಾಗ್ಲೂ ದೊಡ್ಡದೇ ಇರಬಹುದಲ್ವಾ?

ಎರಡು ಗುಂಪು ಮಾಡಿ ನೋಡೋಣ ಅಂದ್ರೆ ಯಾವ ಗುಂಪಲ್ಲೂ 10 ಅಧ್ಯಯನ ಇಲ್ಲ, ಎಗರ್ ಟೆಸ್ಟ್ ನಂಬೋ ಹಾಗಿಲ್ಲ. ಟ್ರಿಮ್ ಅಂಡ್ ಫಿಲ್ ಮಾಡಿದೆ, ಎಡಕ್ಕೆ 3 ಚುಕ್ಕೆ ತಾನೇ ಸೇರಿಸ್ತು. ಆದ್ರೆ ಖಾಲಿ ಯಾಕೆ ಅಂತ ಅದೂ ಹೇಳಲ್ಲ.

ಇಂಥ ಕಡೆ ಗ್ರೇಡ್‌ನಲ್ಲಿ ಪಬ್ಲಿಕೇಶನ್ ಬಯಾಸ್‌ಗೆ ಒಂದು ಹಂತ ಇಳಿಸ್ತೀರಾ, ಇಲ್ಲಾ "ಚಿಕ್ಕ ಅಧ್ಯಯನಗಳ ಪರಿಣಾಮ, ಕಾರಣ ಬೇರ್ಪಡಿಸಲಾಗಿಲ್ಲ" ಅಂತಷ್ಟೇ ಬರೀತೀರಾ? ರಿವ್ಯೂ ಮಾಡಿರೋರು ದಯವಿಟ್ಟು ಹೇಳಿ.