ಸಹಾಯ ಬೇಕು: ಒಟಿಪಿ ಎಸ್‌ಎಂಎಸ್ ಮಾರ್ಗ ತಾನಾಗಿ ಬದಲಾಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಸಹಕಾರಿ ಸಂಘವೊಂದರ ಆ್ಯಪ್ ನೋಡಿಕೊಳ್ಳುತ್ತಿದ್ದೇನೆ. ಒಟಿಪಿ ಕಳುಹಿಸಲು ಇಬ್ಬರು ಎಸ್‌ಎಂಎಸ್ ಪೂರೈಕೆದಾರರಿದ್ದಾರೆ. ಮೊದಲನೆಯವರ ಮಾರ್ಗ ಕೆಟ್ಟಾಗ ಎರಡನೆಯದಕ್ಕೆ ತಾನಾಗಿ ಹೋಗಬೇಕು.

ಈಗಿರುವ ಆರೋಗ್ಯ ತಪಾಸಣೆ ಅವರ ಎಪಿಐಗೆ ಕರೆ ಕಳುಹಿಸಿ `200` ಬಂತೇ ಎಂದಷ್ಟೇ ನೋಡುತ್ತದೆ. ಅದರಿಂದ ಪ್ರಯೋಜನವಿಲ್ಲ. ಸಂದೇಶ ಸ್ವೀಕರಿಸಿದ್ದೇವೆ ಎಂದು ಸರ್ವರ್ ನಗುತ್ತಲೇ ಹೇಳುತ್ತದೆ, ಸದಸ್ಯರ ಫೋನಿಗೆ ಮಾತ್ರ ಏನೂ ಬರುವುದಿಲ್ಲ. ಹಾಗಾಗಿ ತಲುಪಿದ ವರದಿಯನ್ನೇ ಅಳೆಯುತ್ತಿದ್ದೇನೆ: ಕಳುಹಿಸಿ ಒಂದು ನಿಮಿಷ ಕಳೆದ ಕೊನೆಯ 20 ಸಂದೇಶಗಳಲ್ಲಿ 14ಕ್ಕಿಂತ ಕಡಿಮೆ ತಲುಪಿದ್ದರೆ ಮಾರ್ಗ ಬದಲು.

ಹಗಲಿನಲ್ಲಿ ಇದು ಸರಿ. ರಾತ್ರಿ ಗಂಟೆಗೆ ಎರಡು ಮೂರು ಸಂದೇಶಗಳಷ್ಟೇ ಹೋಗುತ್ತವೆ. 20 ತುಂಬುವಾಗ ಬೆಳಗಾಗಿರುತ್ತದೆ. ಸಂಖ್ಯೆಯನ್ನು 4ಕ್ಕೆ ಇಳಿಸಿದರೆ, ಯಾರದೋ ಎರಡು ಫೋನ್ ಆಫ್ ಆಗಿದ್ದರೂ ಮಾರ್ಗ ಕೆಟ್ಟಿದೆ ಎಂಬ ತೀರ್ಮಾನ. ರಾತ್ರಿ ನಮ್ಮದೇ ಸಿಮ್‌ಗಳಿಗೆ ಹತ್ತು ನಿಮಿಷಕ್ಕೊಂದು ಪರೀಕ್ಷಾ ಸಂದೇಶ ಕಳುಹಿಸುವುದು ಸರಿಯೇ? ಒಂದೇ ಮೊಬೈಲ್ ಕಂಪನಿಗೆ ಹೋಗುವ ದಾರಿ ಮಾತ್ರ ಕೆಡುವುದೂ ಉಂಟು, ಆದ್ದರಿಂದ ಪ್ರತಿ ಕಂಪನಿಯ ಸಿಮ್ ಬೇಕಾಗುತ್ತದೆ ಎನಿಸುತ್ತದೆ.

ಮರಳುವುದು ಇನ್ನೊಂದು ತೊಡಕು. ಬಿಟ್ಟ ಮಾರ್ಗದಲ್ಲಿ ಸಂದೇಶವೇ ಹೋಗದಿದ್ದರೆ ಅದು ಸುಧಾರಿಸಿದ್ದು ತಿಳಿಯುವುದು ಹೇಗೆ? ಇಪ್ಪತ್ತರಲ್ಲಿ ಒಂದನ್ನು ಅಲ್ಲಿಗೇ ಬಿಡೋಣವೆಂದರೆ, ಆ ಒಬ್ಬ ಸದಸ್ಯರು ಕಾಯುತ್ತಾ ಕೂರಬೇಕಾದೀತು.

ಡಿಎಲ್‌ಟಿಯಲ್ಲಿ ಹೆಡರ್, ಟೆಂಪ್ಲೇಟ್ ನೋಂದಣಿಯಾಗಿವೆ, ಇಬ್ಬರೂ ಪೂರೈಕೆದಾರರ ಜೋಡಣೆಯೂ ಆಗಿದೆ. ಮರುಕಳುಹಿಸುವಾಗ ಹಳೆಯ ಒಟಿಪಿಯನ್ನೇ ಕಳುಹಿಸುತ್ತೇನೆ. ಕಡಿಮೆ ಸಂದೇಶಗಳಿರುವ ವ್ಯವಸ್ಥೆ ನಡೆಸಿದವರು ಯಾವ ಮಿತಿ ಇಟ್ಟುಕೊಂಡಿದ್ದೀರಿ ಎಂದು ದಯವಿಟ್ಟು ತಿಳಿಸಿ.